ಟ್ರೇ ಸಸಿ ಬುಡದಲ್ಲೇ ಬಾಗಿ ಬೀಳುತ್ತಿದೆಯಾ? ರೋಗವೋ, ನೀರು ಜಾಸ್ತಿಯಾದದ್ದೋ ಕಂಡುಹಿಡಿಯುವ ಬಗೆ

ಮಳೆಗಾಲ ಶುರುವಾದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಪ್ರೋ ಟ್ರೇಯಲ್ಲಿ ಟೊಮೆಟೊ ಚೆನ್ನಾಗಿ ಹುಟ್ಟಿತ್ತು. ನಿನ್ನೆ ಸಂಜೆ ನೆಟ್ಟಗಿದ್ದ ಸಸಿ ಇವತ್ತು ಬೆಳಿಗ್ಗೆ ಮಲಗಿದೆ. ನೀರು ಜಾಸ್ತಿ ಆಯ್ತಾ, ಇಲ್ಲ ರೋಗವಾ?’ ಮೆಣಸಿನಕಾಯಿ, ಕ್ಯಾಪ್ಸಿಕಂ, ಬದನೆ, ಎಲೆಕೋಸು ಹಾಕಿದವರೂ ಇದನ್ನೇ ಕೇಳುತ್ತಾರೆ.

ಇದಕ್ಕೆ ಸರಿಯಾದ ಉತ್ತರ ಮೊದಲ ದಿನವೇ ಸಿಗಬೇಕು. ನೀರು ಹೆಚ್ಚಾಗಿದ್ದರೆ ನೀರು ನಿಲ್ಲಿಸಿದರೆ ಸಾಕು, ಬೇರು ಪೂರ್ತಿ ಕೆಟ್ಟಿರದ ಸಸಿಗಳು ಚೇತರಿಸಿಕೊಳ್ಳುತ್ತವೆ. ರೋಗವಾಗಿದ್ದರೆ ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಪಕ್ಕದ್ದನ್ನೂ ಕರೆದುಕೊಂಡು ಹೋಗುತ್ತದೆ. ಗೊತ್ತಾಗದೆ ಔಷಧಿ ಸುರಿದರೆ, ಮೊದಲೇ ನೆನೆದು ಕೂತಿರುವ ಟ್ರೇಗೆ ಇನ್ನಷ್ಟು ನೀರು ಸೇರುತ್ತದೆ. ‘ಒಣಗಲಿ ಬಿಡು’ ಎಂದು ಕಾದರೆ ರೋಗ ಪಕ್ಕದ ಟ್ರೇಗೆ ದಾಟಿರುತ್ತದೆ.

ಮೊದಲು, ಈ ರೋಗ ಏನು ಅಂತ

ಇದನ್ನು ಸಸಿ ಸಾಯುವ ರೋಗ, ಸಸಿ ಕೊಳೆ ರೋಗ, ಬುಡಕೊಳೆ ಎಂದೆಲ್ಲ ಕರೆಯುತ್ತಾರೆ. ಟ್ರೇ ಸಸಿಗಳಲ್ಲಿ ಇದಕ್ಕೆ ಮುಖ್ಯ ಕಾರಣ ಎರಡು ಜೀವಿಗಳು. ಒಂದು ಪಿಥಿಯಂ. ನೋಡಲು ಶಿಲೀಂಧ್ರದಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ನೀರಲ್ಲಿ ಬದುಕುವ ಬೂಷ್ಟುಗಳ ಗುಂಪಿಗೆ ಸೇರಿದ್ದು. ಇದರ ಬೀಜಕಣಗಳು, ಅಂದರೆ ಹೊಸ ರೋಗ ಹುಟ್ಟಿಸುವ ಕಣ್ಣಿಗೆ ಕಾಣದ ಕಣಗಳು, ನೀರಿನಲ್ಲಿ ಈಜಿಕೊಂಡು ಬೇರನ್ನು ಮುಟ್ಟುತ್ತವೆ. ಇನ್ನೊಂದು ರೈಜೋಕ್ಟೋನಿಯ. ಇದು ನಿಜವಾದ ಶಿಲೀಂಧ್ರ. ಇದಕ್ಕೆ ಈಜುವ ಕಣಗಳಿಲ್ಲ, ಎಳೆಗಳನ್ನು ಹಬ್ಬಿಸಿಕೊಂಡು ಸಸಿಯಿಂದ ಸಸಿಗೆ ಹೋಗುತ್ತದೆ. ಹಾಗಾಗಿ ಟ್ರೇಯಲ್ಲಿ ನೀರು ನಿಂತಿರಲೇಬೇಕು ಅಂತಿಲ್ಲ, ಸಾಧಾರಣ ತೇವವಿದ್ದರೂ ಇದು ನಡೆಯುತ್ತದೆ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಔಷಧಿ ಆರಿಸುವಾಗ ಬೇಕಾಗುತ್ತದೆ.

ಎರಡೂ ಹಿಡಿಯುವುದು ಎಳೆ ಕಾಂಡವನ್ನು. ಮೊಳಕೆ ಮೇಲೆ ಬಂದಾಗಿನಿಂದ ಎರಡು ನಿಜವಾದ ಎಲೆ ಬಿಡಿಸುವವರೆಗೆ ಅಪಾಯ ಹೆಚ್ಚು. ಆಮೇಲೆ ಬುಡ ಗಟ್ಟಿಯಾಗುತ್ತದೆ, ಬುಡ ಕೊಳೆತು ಬೀಳುವುದು ಕಡಿಮೆಯಾಗುತ್ತದೆ. ಮಣ್ಣೊಳಗೇ ಮೊಳಕೆ ಕೊಳೆತು ಮೇಲೆ ಬಾರದಿರುವುದೂ ಉಂಟು. ಅದನ್ನು ಬಹಳ ಜನ ‘ಬೀಜ ಸರಿಯಿಲ್ಲ’ ಎಂದುಕೊಳ್ಳುತ್ತಾರೆ. ಖಾಲಿ ಕುಳಿ ಕೆದಕಿ ನೋಡಿ. ಬೀಜ ಒಡೆದು, ಹೊರಬಂದ ಮೊಳಕೆ ಕಂದಾಗಿ ಮೆತ್ತಗಿದ್ದರೆ ಈ ರೋಗದ ಮೇಲೆ ಅನುಮಾನ ಪಡಿ.

ಏನೇನು ಬೇಕು

ಹಲ್ಲುಕಡ್ಡಿಗಳು, ಒಂದು ಬಟ್ಟಲು ನೀರು, ಒಂದು ಭೂತಗನ್ನಡಿ (ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಸಾಕು), ಒಂದು ಪ್ಲಾಸ್ಟಿಕ್ ಕವರ್, ಕೈಗವಸು, ಗ್ರಾಂ ಲೆಕ್ಕದಲ್ಲಿ ತೂಗುವ ಚಿಕ್ಕ ತಕ್ಕಡಿ. ಔಷಧಿಯನ್ನು ಈಗಲೇ ತರಬೇಡಿ. ಮೊದಲು ಏನಾಗಿದೆ ಅಂತ ಗೊತ್ತಾಗಲಿ.

ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಹತ್ತಿರ 98 ಕುಳಿಗಳ 10 ಟ್ರೇ ಇವೆ. ಕೋಕೋಪಿಟ್ ತುಂಬಿ ಟೊಮೆಟೊ ಹಾಕಿದ್ದೀರಿ. ಜುಲೈ ತಿಂಗಳು, ನಾಲ್ಕು ದಿನದಿಂದ ಮೋಡ ಬಿಟ್ಟಿಲ್ಲ. ಬಿತ್ತಿ ಒಂಬತ್ತನೇ ದಿನ ಒಂದು ಟ್ರೇಯ ಮೂಲೆಯಲ್ಲಿ 6 ಸಸಿ ಮಲಗಿವೆ.

ಹಂತ 1: ನೀರು ನಿಲ್ಲಿಸಿ, ಟ್ರೇ ಬೇರೆ ಮಾಡಿ

ಬಿದ್ದ ಸಸಿ ಕಂಡ ತಕ್ಷಣ ಬಾಡಿದೆ ಎಂದುಕೊಂಡು ನೀರು ಹಾಕುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಹಾಕಬೇಡಿ. ಆ ಟ್ರೇಯನ್ನು ಎತ್ತಿ, ಉಳಿದವುಗಳಿಗೆ ನೀರು ಸಿಡಿಯದಷ್ಟು ದೂರದಲ್ಲಿ, ಗಾಳಿಯಾಡುವ ಕಡೆ ಇಡಿ. ನೆಲದ ಮೇಲೆ ಬೇಡ. ಎರಡು ಇಟ್ಟಿಗೆಯ ಮೇಲಾದರೂ ಇಡಿ, ತಳದ ತೂತಿನಿಂದ ನೀರು ಇಳಿದುಹೋಗಲಿ. ಅದು ಕೂತಿದ್ದ ಜಾಗದ ಎಡ ಬಲದ ಎರಡು ಟ್ರೇಗಳಿಗೂ ಗುರುತು ಹಾಕಿ, ಅವುಗಳ ಮೇಲೂ ಕಣ್ಣಿಡಬೇಕು.

ರೋಗದ ಟ್ರೇ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಬೇರೆ ಟ್ರೇ ಮುಟ್ಟಬೇಡಿ.

ಹಂತ 2: ಬುಡ ನೋಡಿ

ಈಗಷ್ಟೇ ಬಿದ್ದ ಒಂದು ಸಸಿಯನ್ನು ಆರಿಸಿ. ಎರಡು ದಿನದ ಹಿಂದೆ ಬಿದ್ದು ಒಣಗಿದ್ದು ಬೇಡ, ಸತ್ತ ಸಸಿ ಯಾವ ಕಾರಣಕ್ಕೆ ಸತ್ತಿದ್ದರೂ ಒಂದೇ ರೀತಿ ಕಾಣುತ್ತದೆ. ಕೋಕೋಪಿಟ್ ಮಟ್ಟದಲ್ಲಿ ಕಾಂಡ ಹೇಗಿದೆ ನೋಡಿ.

ರೋಗವಾಗಿದ್ದರೆ ಕಾಂಡ ಆ ಒಂದು ಜಾಗದಲ್ಲಿ ಮಾತ್ರ ಸೊರಗಿ, ದಾರದಷ್ಟು ತೆಳ್ಳಗಾಗಿರುತ್ತದೆ. ಅಲ್ಲಿ ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಹಾಗೆ ಮೆತ್ತಗೆ, ಬಣ್ಣ ಕಳೆದುಕೊಂಡಿದ್ದರೆ ಪಿಥಿಯಂ ಇರುವ ಸಾಧ್ಯತೆ ಹೆಚ್ಚು. ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಸ್ವಲ್ಪ ಒಳಗೆ ಗುಳಿ ಬಿದ್ದು, ಒಣಗಿದಂತಿದ್ದರೆ ರೈಜೋಕ್ಟೋನಿಯ ಇರಬಹುದು. ಎರಡರಲ್ಲೂ ಗಮನಿಸಬೇಕಾದ ಸಂಗತಿ ಒಂದಿದೆ. ಮೇಲಿನ ಬೀಜದೆಲೆಗಳು, ಅಂದರೆ ಮೊಳಕೆಯ ಜೊತೆ ಬರುವ ಮೊದಲ ಜೋಡಿ ಎಲೆಗಳು, ಬೀಳುವ ಹೊತ್ತಿಗೆ ಇನ್ನೂ ಹಸಿರಾಗೇ ಇರುತ್ತವೆ. ಎಲೆಗೆ ಸುದ್ದಿ ಮುಟ್ಟುವ ಮೊದಲೇ ಬುಡ ಹೋಗಿರುತ್ತದೆ.

ನೀರು ಜಾಸ್ತಿಯಾದ ಸಸಿಯಲ್ಲಿ ಇದು ತಿರುಗುಮುರುಗು. ಬುಡ ಮೇಲಿಂದ ಕೆಳಗೆ ಒಂದೇ ದಪ್ಪ, ಬೆರಳಲ್ಲಿ ಹಿಡಿದರೆ ಗಟ್ಟಿ. ತೊಂದರೆ ಕಾಣುವುದು ಎಲೆಯಲ್ಲಿ. ಬೀಜದೆಲೆ ಹಳದಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಎಲೆ ಜೋತು ಬೀಳುತ್ತದೆ. ಕೆಲವೊಮ್ಮೆ ಎಲೆಯ ಅಡಿಯಲ್ಲಿ ಚಿಕ್ಕ ನೀರುಗುಳ್ಳೆಯಂಥ ಉಬ್ಬುಗಳಿರುತ್ತವೆ. ಇದು ಒಂದೇ ರಾತ್ರಿಯಲ್ಲಿ ಆಗುವುದಲ್ಲ, ನಾಲ್ಕಾರು ದಿನದಿಂದ ಸಸಿ ಸಪ್ಪಗಾಗುತ್ತಾ ಬಂದಿರುತ್ತದೆ. ಕೋಕೋಪಿಟ್ ಮೇಲೆ ಹಸಿರು ಪಾಚಿ ಕಟ್ಟಿದ್ದರೆ, ಟ್ರೇ ಅಲುಗಿಸಿದಾಗ ಸಣ್ಣ ಕಪ್ಪು ನೊಣಗಳು ಎದ್ದರೆ ನೀರು ತುಂಬಾ ದಿನದಿಂದ ಹೆಚ್ಚಾಗಿದೆ ಅಂತ ಅರ್ಥ.

ಬುಡದಲ್ಲೇ ತೊಂದರೆ ಕಂಡರೂ ರೋಗವಲ್ಲದ ಕೆಲವು ಇವೆ. ಕಾಂಡ ಕತ್ತರಿಸಿದಂತೆ ತುಂಡಾಗಿದ್ದರೆ ಹುಳುವೋ ಮಿಡತೆಯೋ ಕಡಿದಿದೆ. ಬಿಸಿಲು ಬೀಳುವ ಬದಿಯಲ್ಲಿ ಮಾತ್ರ ಬಿಳಿಚಿ ಒಣಗಿದ್ದರೆ ಕಾದ ಕೋಕೋಪಿಟ್‌ನ ಸುಡುವಿಕೆ. ಬೆಳಕು ಸಾಲದೆ ಉದ್ದಕ್ಕೆ ಬೆಳೆದ ಸಸಿಯೂ ಬೀಳುತ್ತದೆ, ಆದರೆ ಅದು ಬಾಗಿರುತ್ತದೆಯೇ ಹೊರತು ಸೊರಗಿರುವುದಿಲ್ಲ. ಮೊಳಕೆ ಬರಲಿ ಎಂದು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಮುಚ್ಚಿದ ಟ್ರೇಗಳನ್ನು ಒಂದು ದಿನ ತಡವಾಗಿ ಬಿಡಿಸಿದರೂ ಹೀಗಾಗುತ್ತದೆ.

ಹಂತ 3: ಬೇರು ತೊಳೆದು ನೋಡಿ

ಒಂದು ಬಿದ್ದ ಸಸಿ, ಅದರ ಪಕ್ಕದ ಒಂದು ನಿಂತ ಸಸಿ, ಎರಡನ್ನೂ ಕುಳಿಯ ಕೆಳಗಿನಿಂದ ಬೆರಳಲ್ಲಿ ತಳ್ಳಿ ಉಂಡೆ ಸಮೇತ ತೆಗೆಯಿರಿ. ಮೇಲಿನಿಂದ ಎಳೆದರೆ ಬೇರು ಕಿತ್ತು ಬಂದು ಏನೂ ಗೊತ್ತಾಗುವುದಿಲ್ಲ. ಬಟ್ಟಲಿನ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ.

ಈಗ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆತ್ತಗೆ ಎಳೆಯಿರಿ. ಹೊರಗಿನ ಸಿಪ್ಪೆ ಕಳಚಿ, ನಡುವಿನ ಸಣ್ಣ ಎಳೆ ಮಾತ್ರ ಉಳಿದರೆ ಅದು ಪಿಥಿಯಂನ ಪಕ್ಕಾ ಲಕ್ಷಣಕ್ಕೆ ತುಂಬಾ ಹತ್ತಿರ. ನೀರು ಹೆಚ್ಚಾದ ಸಸಿಯ ಬೇರು ಕಡಿಮೆ ಇರುತ್ತದೆ, ಕುಳಿಯ ತಳದವರೆಗೆ ಇಳಿದಿರುವುದಿಲ್ಲ, ತುದಿ ಸ್ವಲ್ಪ ಕಂದಾಗಿರಬಹುದು. ಆದರೆ ಸಿಪ್ಪೆ ಕಚ್ಚಿಕೊಂಡೇ ಇರುತ್ತದೆ, ಬುಡದ ಕಡೆಯ ಬೇರು ಬೆಳ್ಳಗಿರುತ್ತದೆ.

ಇನ್ನೂ ಅನುಮಾನವಿದ್ದರೆ ಹೊಸದಾಗಿ ಬಿದ್ದ ಸಸಿಯನ್ನು ತೊಳೆದು, ಒದ್ದೆ ಕಾಗದದ ಮೇಲಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗೆ ನೆರಳಲ್ಲಿಡಿ. ಒಂದೆರಡು ದಿನದಲ್ಲಿ ಬುಡದ ಸುತ್ತ ಬಿಳಿ ಹತ್ತಿಯಂಥ ಬೆಳವಣಿಗೆ ಬಂದರೆ ಪಿಥಿಯಂ ಕಡೆಗೆ ಬೆರಳು ತೋರಿಸುತ್ತದೆ. ಕಂದು ಬಣ್ಣದ ದಪ್ಪ ಎಳೆಗಳು ಜೇಡರ ಬಲೆಯಂತೆ ಹಬ್ಬಿದರೆ ರೈಜೋಕ್ಟೋನಿಯ ಕಡೆಗೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ, ಹಾಗಂತ ಸುಮ್ನೆ ಊಹಿಸುವುದಕ್ಕಿಂತ ಎಷ್ಟೋ ವಾಸಿ. ಸಾವಿರಾರು ಸಸಿ ಬೆಳೆಸುವವರಾದರೆ ಒಂದು ಹಿಡಿ ಸಸಿಯನ್ನು ಉಂಡೆ ಸಮೇತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

ಹಂತ 4: ಹಲ್ಲುಕಡ್ಡಿ ನೆಟ್ಟು ಒಂದು ರಾತ್ರಿ ಕಾಯಿರಿ

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ಹಂತದ ಮೇಲೆ. ಬಿದ್ದ ಸಸಿಗಳ ಗುಂಪಿನ ಅಂಚಿನಲ್ಲಿ, ಇನ್ನೂ ನಿಂತಿರುವ ಸಸಿಗಳ ಕುಳಿಯಲ್ಲಿ ಒಂದೊಂದು ಹಲ್ಲುಕಡ್ಡಿ ಚುಚ್ಚಿ. ಮರುದಿನ ಬೆಳಿಗ್ಗೆ ಬಂದು ನೋಡಿ.

ಕಡ್ಡಿ ನೆಟ್ಟ ಕುಳಿಯ ಸಸಿಗಳೂ ಬಿದ್ದಿದ್ದರೆ, ಅಂದರೆ ಗುಂಪು ಅಂಚಿನಿಂದ ಹೊರಗೆ ದೊಡ್ಡದಾಗುತ್ತಿದ್ದರೆ, ಅದು ರೋಗ. ರೋಗ ಒಂದು ಜಾಗದಲ್ಲಿ ಶುರುವಾಗಿ ಸುತ್ತ ಹರಡುತ್ತದೆ. ನೀರು ಹೆಚ್ಚಾದ ತೊಂದರೆಗೆ ಅಂಥ ಅಂಚು ಇರುವುದಿಲ್ಲ. ಇಡೀ ಟ್ರೇ ಒಂದೇ ಸಮ ಹಳದಿಯಾಗಿರುತ್ತದೆ, ಇಲ್ಲವೇ ನೀರು ನಿಲ್ಲುವ ಕಡೆ, ಟ್ರೇ ಬಾಗಿರುವ ಕಡೆ, ಸೂರಿನ ಹನಿ ಬೀಳುವ ಕಡೆ ಮಾತ್ರ ಕಾಣುತ್ತದೆ. ಒಂದು ದಿನ ನೀರು ನಿಲ್ಲಿಸಿದರೆ ಅಲ್ಲಿಗೇ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಎರಡೂ ಒಟ್ಟಿಗೇ ಇರಬಹುದು. ನೀರು ನಿಂತ ಜಾಗದಲ್ಲೇ ಪಿಥಿಯಂ ಸಲೀಸಾಗಿ ಓಡಾಡುವುದು. ಟ್ರೇ ಪೂರ್ತಿ ಹಳದಿಯಾಗಿದ್ದು, ಒಂದು ಮೂಲೆಯಲ್ಲಿ ಬುಡ ಸೊರಗಿದ ಸಸಿಗಳಿದ್ದರೆ ರೋಗ ಬಂದಿದೆ ಎಂದೇ ಹಿಡಿಯಿರಿ. ಹಂತ 2ರಲ್ಲೇ ಬುಡ ದಾರದಂತೆ ಸೊರಗಿದ್ದು ಖಚಿತವಾಗಿದ್ದರೆ ರಾತ್ರಿ ಕಾಯುವುದೂ ಬೇಡ, ಹಂತ 6ಕ್ಕೆ ಹೋಗಿ.

ಹಂತ 5: ನೀರು ಜಾಸ್ತಿಯಾದದ್ದಾಗಿದ್ದರೆ

ಔಷಧಿ ಬೇಡವೇ ಬೇಡ. ಗೊಬ್ಬರದ ನೀರೂ ಬೇಡ. ಹಳದಿ ಎಲೆ ಕಂಡು 19:19:19 ಕೊಡುವವರಿದ್ದಾರೆ. ಉಸಿರಾಡಲಾಗದ ಬೇರು ಅದನ್ನು ಹೀರುವುದಿಲ್ಲ, ಉಪ್ಪು ಕುಳಿಯಲ್ಲೇ ಉಳಿದು ಬೇರು ಸುಡುತ್ತದೆ.

ಟ್ರೇ ಎತ್ತರದಲ್ಲಿಟ್ಟು ಗಾಳಿ, ಬೆಳಕು ಕೊಡಿ. ಮುಂದಿನ ನೀರನ್ನು ದಿನದ ಲೆಕ್ಕದಲ್ಲಿ ಹಾಕಬೇಡಿ, ಟ್ರೇ ಎತ್ತಿ ನೋಡಿ ಹಾಕಿ. ನೀರು ಹಾಕಿ ಬಸಿದುಹೋದ ಮೇಲಿನ ಭಾರ ಕೈಗೆ ಗೊತ್ತಿರಲಿ. ಟ್ರೇ ಸಾಕಷ್ಟು ಹಗುರವಾಗಿ, ಕೋಕೋಪಿಟ್ ಮೇಲ್ಭಾಗ ತಿಳಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ ನೀರು. ಮೇಲ್ಭಾಗ ಮಾತ್ರ ನೋಡಿ ಮೋಸಹೋಗಬೇಡಿ. ಕೋಕೋಪಿಟ್ ಮೇಲೆ ಒಣಗಿದಂತೆ ಕಂಡರೂ ತಳದಲ್ಲಿ ನೆನೆದಿರುತ್ತದೆ, ಒಂದು ಉಂಡೆ ತೆಗೆದು ಹಿಂಡಿ ನೋಡಿ. ನೀರು ಧಾರೆಯಾಗಿ ಬಂದರೆ ಇನ್ನೂ ಕಾಯಬೇಕು. ಹೊಸ ಎಲೆ ಹಸಿರಾಗಿ ಬಂದರೆ ಸಸಿ ಉಳಿಯಿತು. ಹಳೆಯ ಹಳದಿ ಬೀಜದೆಲೆ ಮತ್ತೆ ಹಸಿರಾಗಲಿ ಅಂತ ಕಾಯಬೇಡಿ.

ಹಂತ 6: ರೋಗವಾಗಿದ್ದರೆ

ಮೊದಲು ತೆಗೆಯುವ ಕೆಲಸ. ಬಿದ್ದ ಸಸಿ ಮಾತ್ರ ಕಿತ್ತರೆ ಸಾಲದು, ಅದರ ಸುತ್ತ ಎರಡು ಸಾಲಿನ ಕುಳಿಗಳನ್ನೂ ಖಾಲಿ ಮಾಡಿ. ಅಲ್ಲಿನ ಸಸಿ ನಿಂತಿದ್ದರೂ ರೋಗ ಆಗಲೇ ಒಳಗಿರುವ ಸಾಧ್ಯತೆ ಹೆಚ್ಚು. ನಮ್ಮ ಉದಾಹರಣೆಯಲ್ಲಿ ಮೂಲೆಯ 6 ಕುಳಿ ಎಂದರೆ 2 ಸಾಲು, ಒಂದೊಂದರಲ್ಲಿ 3. ಎರಡು ಸಾಲು ಸೇರಿಸಿದರೆ 4 ಸಾಲು, ಒಂದೊಂದರಲ್ಲಿ 5, ಒಟ್ಟು 20 ಕುಳಿ. 98ರಲ್ಲಿ 78 ಉಳಿಯುತ್ತವೆ. ಜೀವವಿದ್ದಂತೆ ಕಾಣುವ ಸಸಿ ಎಸೆಯಲು ಮನಸ್ಸು ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ತೆಗೆಯಿರಿ. ಕೆಳಗಿನಿಂದ ತಳ್ಳಿ ಕೋಕೋಪಿಟ್ ಸಮೇತ ತೆಗೆದು ಚೀಲಕ್ಕೆ ಹಾಕಿ, ದೂರ ಒಯ್ದು ಹೂಳಿ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ವಾಪಸ್ ಬರುತ್ತದೆ.

ಖಾಲಿಯಾದ ಕುಳಿಗೆ ಬೇರೆ ಕಡೆಯ ಸಸಿ ತಂದು ತುಂಬಬೇಡಿ. ಟ್ರೇ ತುಂಬಿ ಕಾಣಲಿ ಎಂದು ಮಾಡುವ ಈ ಕೆಲಸದಿಂದಲೇ ರೋಗ ನರ್ಸರಿ ತುಂಬ ಓಡಾಡುತ್ತದೆ.

ಈಗ ಔಷಧಿ. ಬಹಳ ಜನ ಮೊದಲು ಕೈಹಾಕುವುದು ಕಾರ್ಬೆಂಡಜಿಮ್‌ಗೆ. ಅದು ರೈಜೋಕ್ಟೋನಿಯ ಮೇಲೆ ಕೆಲಸ ಮಾಡುತ್ತದೆ, ಪಿಥಿಯಂ ಮೇಲೆ ಮಾಡುವುದಿಲ್ಲ. ಪಿಥಿಯಂ ನಿಜವಾದ ಶಿಲೀಂಧ್ರವಲ್ಲ ಎಂದೆವಲ್ಲ, ಕಾರಣ ಅದೇ. ಮೆಟಲಾಕ್ಸಿಲ್ ಇದಕ್ಕೆ ಉಲ್ಟಾ. ಪಿಥಿಯಂ ತಡೆಯುತ್ತದೆ, ರೈಜೋಕ್ಟೋನಿಯಕ್ಕೆ ಏನೂ ಮಾಡುವುದಿಲ್ಲ. ‘ಔಷಧಿ ಹಾಕಿದರೂ ನಿಲ್ಲಲಿಲ್ಲ’ ಎನ್ನುವ ದೂರುಗಳಲ್ಲಿ ಬಹಳಷ್ಟು ಈ ಅದಲುಬದಲಿನಿಂದ ಬರುವಂಥವು.

ಯಾವುದು ಅಂತ ಗೊತ್ತಾಗದಿದ್ದರೆ ಕಾಪರ್ ಆಕ್ಸಿಕ್ಲೋರೈಡ್ 50 ಡಬ್ಲ್ಯೂಪಿ ಪುಡಿಯನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಬೆರೆಸಿ ಬುಡಕ್ಕೆ ಹಾಕಿ. ಮೆತ್ತಗೆ ಕೊಳೆತ ಬುಡ, ಸಿಪ್ಪೆ ಕಳಚುವ ಬೇರು ಸ್ಪಷ್ಟವಾಗಿ ಕಂಡಿದ್ದರೆ ಮೆಟಲಾಕ್ಸಿಲ್ 8% ಜೊತೆ ಮ್ಯಾಂಕೋಜೆಬ್ 64% ಇರುವ ಪುಡಿ, ಲೀಟರಿಗೆ 2 ಗ್ರಾಂ. ಡಬ್ಬಿಯ ಮೇಲಿನ ಚೀಟಿಯಲ್ಲಿ ನಿಮ್ಮ ಬೆಳೆಗೆ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಿ. ಮೆಟಲಾಕ್ಸಿಲ್ ಅನ್ನು ವಾರವಾರ ಹಾಕಬೇಡಿ, ಪಿಥಿಯಂ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಎಷ್ಟು ದ್ರಾವಣ ಬೇಕು? ಒಂದು ಕುಳಿಗೆ ಸುಮಾರು 5 ಮಿಲಿ ಸಾಕು, ಅಂದರೆ ತುಂಬಿದ ಟ್ರೇಗೆ ಅರ್ಧ ಲೀಟರ್. ರೋಗದ ಟ್ರೇ, ಗುರುತು ಹಾಕಿದ ಎಡ ಬಲದ ಎರಡು, ಒಟ್ಟು ಮೂರು ಟ್ರೇಗೆ ಒಂದೂವರೆ ಲೀಟರ್. ಕಾಪರ್ ಆಕ್ಸಿಕ್ಲೋರೈಡ್ ಆದರೆ 4.5 ಗ್ರಾಂ. ಚಮಚದ ಅಂದಾಜು ಬೇಡ, ತೂಗಿ. ಎಳೆ ಸಸಿಗೆ ತಾಮ್ರ ಹೆಚ್ಚಾದರೆ ಎಲೆ ಸುಡುತ್ತದೆ. ಟ್ರೇ ನೀರು ಬಸಿದು ಬರಿ ತೇವವಾಗಿರುವಾಗ ಹಾಕಿ. ತೊಟ್ಟಿಕ್ಕುವ ಟ್ರೇಗೆ ಹಾಕಿದರೆ ಔಷಧಿ ತಳದಿಂದ ಹರಿದುಹೋಗುತ್ತದೆ. ಬೆಳಿಗ್ಗೆ ಹಾಕಿ, ಕೈಗವಸು ಹಾಕಿಕೊಂಡೇ ಹಾಕಿ.

ದಾಲ್ಚಿನ್ನಿ ಪುಡಿ, ಬೂದಿ, ಅರಿಶಿನ ಉದುರಿಸಬಹುದಾ ಎಂದೂ ಕೇಳುತ್ತಾರೆ. ಟ್ರೇಯಲ್ಲಿ ರೋಗ ಓಡುತ್ತಿರುವಾಗ ಅವನ್ನು ನಂಬಬೇಡಿ. ಬೂದಿಯಂತೂ ಕೋಕೋಪಿಟ್‌ನ ಕ್ಷಾರ ಹೆಚ್ಚಿಸಿ ಬೇರೆ ತೊಂದರೆ ತರುತ್ತದೆ.

ಹಂತ 7: ಉಳಿದ ಸಸಿ ನೆಡಬಹುದಾ?

ಹೊಸ ಅಂಚಿನಲ್ಲಿ ಮತ್ತೆ ಹಲ್ಲುಕಡ್ಡಿ ನೆಡಿ. ಐದು ದಿನ ಒಂದೂ ಬೀಳದಿದ್ದರೆ ಹರಡುವುದು ನಿಂತಿದೆ ಎನ್ನಬಹುದು. ಔಷಧಿ ಹಾಕಿ ಎರಡನೇ ದಿನವೂ ಬೀಳುತ್ತಲೇ ಇದ್ದರೆ ಆ ಟ್ರೇ ಪೂರ್ತಿ ಎಸೆಯಿರಿ, ಮತ್ತೆ ಮತ್ತೆ ನೆನೆಸುತ್ತಾ ಕೂರಬೇಡಿ. ಉಳಿದವು 98 ಕುಳಿಯ 9 ಟ್ರೇ, ಅವನ್ನು ಕಾಪಾಡುವುದು ಮುಖ್ಯ ಅಲ್ವಾ?

ಟೊಮೆಟೊ ಸಾಮಾನ್ಯವಾಗಿ 21ರಿಂದ 25 ದಿನಕ್ಕೆ ನಾಟಿಗೆ ಬರುತ್ತದೆ. ನೆಡುವ ದಿನ ಪ್ರತಿ ಸಸಿಯ ಬುಡ ನೋಡಿ. ಕಂದು ಬಣ್ಣದ ಸೊರಗಿದ ಪಟ್ಟಿ ಇರುವ ಸಸಿ ನಿಂತಿದ್ದರೂ ಬೇಡ. ಅದು ಹೊಲದಲ್ಲಿ ಗಾಳಿಗೆ ಮುರಿಯುತ್ತದೆ, ಇಲ್ಲವೇ ಕುಂಟುತ್ತಾ ಬೆಳೆಯುತ್ತದೆ.

ಹಂತ 8: ಮುಂದಿನ ಬಿತ್ತನೆಗೆ ಮೊದಲು

ರೋಗ ಬಂದ ಟ್ರೇಯ ಕೋಕೋಪಿಟ್ ಅನ್ನು ಮತ್ತೆ ಬಿತ್ತನೆಗೆ ಬಳಸಬೇಡಿ. ಟ್ರೇಗಳನ್ನು ಮೊದಲು ಬ್ರಷ್ ಹಾಕಿ ತೊಳೆಯಿರಿ, ಆಮೇಲೆ ಮನೆ ಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿಡಿ. ಕೊಳೆ ಅಂಟಿದ್ದರೆ ಬ್ಲೀಚ್ ಕೊಳೆಯ ಮೇಲೇ ಖರ್ಚಾಗುತ್ತದೆ, ಅದಕ್ಕೇ ತೊಳೆಯುವುದು ಮೊದಲು. ಕೊನೆಗೆ ಒಳ್ಳೆಯ ನೀರಲ್ಲಿ ಜಾಲಿಸಿ ಒಣಗಿಸಿ.

ನೀರು ಎಲ್ಲಿಂದ ಬರುತ್ತಿದೆ ಎನ್ನುವುದನ್ನೂ ನೋಡಿ. ಕೃಷಿ ಹೊಂಡ, ಮುಚ್ಚಳವಿಲ್ಲದ ತೊಟ್ಟಿಯ ನೀರಲ್ಲಿ ಪಿಥಿಯಂ ಇರಬಹುದು. ಸಸಿಗೆ ಮಾತ್ರವಾದರೂ ಬೋರ್‌ವೆಲ್ ನೀರನ್ನು ನೇರವಾಗಿ ಹಾಕಿ. ಪೈಪಿನ ಮೂತಿ ನೆಲದ ಮೇಲೆ ಬಿದ್ದಿರಬಾರದು. ನೀರು ಬೆಳಿಗ್ಗೆಯೇ ಮುಗಿಯಲಿ, ರಾತ್ರಿಗೆ ಬುಡ ಒಣಗಿರಬೇಕು.

ಟ್ರೈಕೋಡರ್ಮಾ ಬಳಸುವುದಾದರೆ ಅದರ ಕೆಲಸ ಇಲ್ಲಿ, ಬಿತ್ತುವ ಮೊದಲು. ಇದು ರೋಗಕಾರಕಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ಬೀಜಕ್ಕಾದರೆ ಕೆಜಿಗೆ 4 ಗ್ರಾಂ ಲೆಕ್ಕದಲ್ಲಿ ಲೇಪಿಸಿ. ಕೋಕೋಪಿಟ್‌ಗಾದರೆ ಬಿತ್ತನೆಗೆ ಕೆಲವು ದಿನ ಮೊದಲೇ ತೇವ ಮಾಡಿ ಬೆರೆಸಿ ನೆರಳಲ್ಲಿಡಿ, ಅಷ್ಟರಲ್ಲಿ ಅದು ಬೆಳೆದು ನೆಲೆಯೂರುತ್ತದೆ. ಬಿದ್ದ ಸಸಿಯ ಬುಡಕ್ಕೆ ಹಾಕಿ ಗುಣ ನಿರೀಕ್ಷಿಸಬೇಡಿ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಇದೇ ಸಾಯುತ್ತದೆ. ಹೈಬ್ರಿಡ್ ಬೀಜ ಗುಲಾಬಿಯೋ ನೀಲಿಯೋ ಬಣ್ಣದಲ್ಲಿ ಬಂದಿದ್ದರೆ ಕಂಪನಿಯವರು ಆಗಲೇ ಔಷಧಿ ಲೇಪಿಸಿರುವುದು ಸಾಮಾನ್ಯ. ಅಂಥ ಬೀಜಕ್ಕೆ ಲೇಪಿಸುವ ಬದಲು ಟ್ರೈಕೋಡರ್ಮಾವನ್ನು ಕೋಕೋಪಿಟ್‌ಗೇ ಬೆರೆಸಿ.